ಗುಡಿಬಂಡೆ ಸುತ್ತಿನ ಹದಿನಾರು ಮೈಲಿ

ಬೆಂಗಳೂರಿನ ಲೆಕ್ಕಪತ್ರ ಶಾಖೆಯವರಿಗೆ ಹೆಣ ಕಾಣುವುದಿಲ್ಲ, ಮೈಲಿ ಕಾಣುತ್ತದೆ. ಬೈದು ಪ್ರಯೋಜನವಿಲ್ಲ, ಅವರಿಗೆ ಸಂಬಳ ಕೊಡುವುದೇ ಅದಕ್ಕೆ. ಚಿಕ್ಕಬಳ್ಳಾಪುರದ ತೂಕ ಮತ್ತು ಅಳತೆ ಇನ್‌ಸ್ಪೆಕ್ಟರ್ ಚನ್ನಕೇಶವನ ಮೇಜಿಗೆ ಅವರ ಮೆಮೊ ಬಂದಾಗ ಅವನ ಅಟೆಂಡರ್ ದಸ್ತಗಿರ್ ಕೊಲೆ ಆಪಾದನೆಯ ಮೇಲೆ ಲಾಕಪ್ಪಿನಲ್ಲಿ ಬಿದ್ದಿದ್ದ. ಮೆಮೊ ಮಾತ್ರ ತಣ್ಣಗೆ ಹೀಗೆ ಹೇಳುತ್ತಿತ್ತು: ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಮಂಚೇನಹಳ್ಳಿ ಮಾರ್ಗವಾಗಿ ಇಪ್ಪತ್ತೆರಡು ಮೈಲಿ. ತಾವು ಪ್ರವಾಸ ಭತ್ಯೆಯ ಬಿಲ್ಲಿನಲ್ಲಿ ಕೇಳಿರುವುದು ಮೂವತ್ತೆಂಟು. ಹತ್ತಿರದ ದಾರಿ ಬಿಟ್ಟು ಸುತ್ತಿದ ಕಾರಣವನ್ನು ತಿಳಿಸತಕ್ಕದ್ದು, ಇಲ್ಲವೇ ಹದಿನಾರು ಮೈಲಿಯ ಕಡಿತಕ್ಕೆ ಒಪ್ಪಿಗೆ ಬರೆದು ಕಳಿಸತಕ್ಕದ್ದು.

ಹೆಡ್‌ ಕ್ಲಾರ್ಕ್ ವೆಂಕಟರಾಮಪ್ಪ ಮೂವತ್ತು ವರ್ಷದಿಂದ ಇಂಥ ಮೆಮೊಗಳನ್ನು ನುಂಗಿ ನೀರು ಕುಡಿದವನು. ಚಿಲ್ಲರೆ ದುಡ್ಡಿಗೆ ಯಾರು ಜಗಳ ಕಾಯುತ್ತಾರೆ, ಒಪ್ಪಿಗೆ ಅಂತ ಗೀಚಿಬಿಡಿ ಸಾರ್ ಎಂದು ಬೇರೆ ಯಾರಿಗಾದರೂ ಹೇಳುತ್ತಿದ್ದ. ಈ ಸಲ ಹೇಳಲಿಲ್ಲ. ಮೆಮೊವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಕೆಳಗೆ ನೋಡುತ್ತಾ ನಿಂತ. ಆ ಕಡಿತವನ್ನು ಒಪ್ಪಿಕೊಂಡರೆ ಇನ್‌ಸ್ಪೆಕ್ಟರೂ ದಸ್ತಗಿರೂ ಅವತ್ತು ಸಂಜೆ ಮಂಚೇನಹಳ್ಳಿ ರಸ್ತೆಯಲ್ಲೇ ಬಂದರು ಎಂದು ಸರ್ಕಾರದ ಕಾಗದದಲ್ಲಿ ಚನ್ನಕೇಶವನೇ ರುಜು ಹಾಕಿದ ಹಾಗೆ. ಕೊಲೆ ನಡೆದದ್ದು ಅದೇ ರಸ್ತೆಯ ಸೇತುವೆಯ ಮೇಲೆ, ಅದೇ ಸಂಜೆ.

ಆದದ್ದು ಇಷ್ಟು. ಹಳೆಯ ಸೇರು ಹೋಗಿ ಕಿಲೋ ಬಂದ ಕಾಲ. ಗೌರಿಬಿದನೂರಿನಲ್ಲಿ ಆವುಲಪ್ಪನ ಧಾನ್ಯದ ಮಂಡಿಯೆಂದರೆ ಅವನ ಸ್ವಂತ ಸಂಸ್ಥಾನ. ಹೊಸ ಕಿಲೋ ತೂಕದ ಬಟ್ಟುಗಳ ತಳ ಕೊರೆದು, ಒಳಗಿನ ಸೀಸ ತೆಗೆದು, ಮೇಲೆ ಮಸಿ ಬಳಿದು ಇಟ್ಟಿದ್ದ. ಚನ್ನಕೇಶವ ಅವನ್ನು ತಿರುಗಿಸಿ ತೋರಿಸಿದ್ದೇ ತಡ, ಮಂಡಿಯ ಆಳುಗಳು ಮೇಲೆ ಬಿದ್ದರು. ಚೀಲ ಹೊರುವ ಕೊಕ್ಕೆಯಿಂದ ಒಬ್ಬ ದಸ್ತಗಿರನ ಭುಜವನ್ನು ಸೀಳಿದ. ದಸ್ತಗಿರ್ ಸುಮ್ಮನೆ ಪೆಟ್ಟು ತಿನ್ನುವ ಆಸಾಮಿಯಲ್ಲ. ತಕ್ಕಡಿಯ ದಂಡ ಕಿತ್ತುಕೊಂಡು ಬೀಸಿದ ಏಟಿಗೆ ಆವುಲಪ್ಪನ ಬಾವಮೈದನ ಹಲ್ಲು ರಾಗಿಯ ರಾಶಿಯಲ್ಲಿ ಉದುರಿದವು. ಅಂತೂ ಬಟ್ಟುಗಳನ್ನು ಗೋಣಿಚೀಲಕ್ಕೆ ತುಂಬಿ, ಮೊಹರು ಹಾಕಿ, ಮೋಟಾರ್‌ ಸೈಕಲ್ಲಿನ ಹಿಂದೆ ಬಿಗಿದುಕೊಂಡು ಇಬ್ಬರೂ ಹೊರಟರು. ಊರಾಚೆ, ಮಂಡಿಯಲ್ಲಿ ಕಾಳು ಗುಡಿಸುವ ಅಕ್ಕಯಮ್ಮ ಅಡ್ಡ ಬಂದು ಮಂಚೇನಹಳ್ಳಿ ರಸ್ತೆಯತ್ತ ಕೈ ತೋರಿಸಿದಳು.

“ಆ ಕಡೀಕೆ ಹೋಗ್ಬ್ಯಾಡಿ ಸ್ವಾಮಿ. ಸೇತುವೆ ತಾವ ಮಚ್ಚು ಹಿಡ್ಕೊಂಡು ಕಾಯ್ತಾ ಅವ್ರೆ.”

ಅಷ್ಟು ಹೇಳಿ ಅವಳು ತಿರುಗಿ ನೋಡದೆ ಹೋದಳು. ಚನ್ನಕೇಶವ ಗಾಡಿಯನ್ನು ಗುಡಿಬಂಡೆಯ ಕಡೆಗೆ ತಿರುಗಿಸಿದ. ಅಲ್ಲಿಂದ ಪೆರೇಸಂದ್ರ, ಅಲ್ಲಿಂದ ಚಿಕ್ಕಬಳ್ಳಾಪುರ. ಮೀಟರು ಮೂವತ್ತೆಂಟು ಮೈಲಿ ತೋರಿಸಿತು, ಅವನು ಮೂವತ್ತೆಂಟೇ ಬರೆದ. ಬೇರೆಯವರ ತೂಕ ನೋಡುವವನಿಗೆ ತನ್ನ ಅಳತೆಯ ಬಗ್ಗೆ ಒಂದು ಜಂಬ ಇದ್ದೇ ಇರುತ್ತದೆ.

ನಡುವೆ ಗುಡಿಬಂಡೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಒಂದು ಹೋಟೆಲಿನ ಮುಂದೆ ನಿಂತು ಚಹ ಕುಡಿದಿದ್ದರು. ದಸ್ತಗಿರನ ಅಂಗಿಯ ತೋಳು ರಕ್ತದಲ್ಲಿ ನೆನೆದು ಒಣಗಿ ರಟ್ಟಾಗಿತ್ತು. ಎದುರಿಗೇ ಪೊಲೀಸ್ ಠಾಣೆ. ಕಾನ್‌ಸ್ಟೇಬಲ್ ರಾಮಾಂಜಿನಪ್ಪ ಎಂಬಾತ ಬಂದು, ಇದೇನಯ್ಯ ರಕ್ತ ಎಂದು ಕೇಳಿದ. ಗಾಡಿಯಿಂದ ಬಿದ್ದ ಎಂದು ಚನ್ನಕೇಶವನೇ ಉತ್ತರ ಕೊಟ್ಟ. ಆತ ಆಚೆ ಹೋದ ಮೇಲೆ ದಸ್ತಗಿರ್ ಮೆಲ್ಲಗೆ, ಸೇತುವೆ ವಿಷಯ ಇವರಿಗೆ ಒಂದು ಮಾತು ಹೇಳಿಬಿಡೋಣ ಸಾಹೇಬ್ ಎಂದ. ನಾವು ಪಾರಾದೆವಲ್ಲಪ್ಪ, ಆ ಉಸಾಬರಿ ನಮಗ್ಯಾಕೆ ಎಂದ ಚನ್ನಕೇಶವ. ಹೇಳಿಕೆ, ಪಂಚನಾಮೆ ಎಂದು ರಾತ್ರಿಯೆಲ್ಲ ಕೂರಿಸುತ್ತಾರೆ ಎಂಬುದೇ ಅವನ ಚಿಂತೆಯಾಗಿತ್ತು.

ಅದಾದ ಸ್ವಲ್ಪ ಹೊತ್ತಿಗೇ ಮಂಚೇನಹಳ್ಳಿಯ ಸೇತುವೆಯ ಮೇಲೆ ಚನ್ನಕೇಶವನ ಹಾಗೆಯೇ ಖಾಕಿ ಅಂಗಿ ತೊಟ್ಟ ಒಬ್ಬ ಮನುಷ್ಯ ಮೋಟಾರ್‌ ಸೈಕಲ್ಲಿನಲ್ಲಿ ಬಂದ. ಹಿಂದೆ ಒಂದು ಚೀಲ. ಮಬ್ಬಿನಲ್ಲಿ ಕಾದಿದ್ದವರು ಮುಖವನ್ನೂ ನೋಡಲಿಲ್ಲ, ತಲೆಯನ್ನೂ ಎಣಿಸಲಿಲ್ಲ. ಅಡ್ಡಕ್ಕೆ ಹಗ್ಗ ಎಳೆದು ಬೀಳಿಸಿ, ಎದ್ದೇಳುವ ಮೊದಲೇ ಕುತ್ತಿಗೆಗೆ, ಬೆನ್ನಿಗೆ, ಅಡ್ಡ ಹಿಡಿದ ಕೈಗಳಿಗೆ ಕೊಚ್ಚಿದರು. ಬೆರಳುಗಳು ರಸ್ತೆಯ ಮೇಲೆ ಬಿದ್ದಿದ್ದವಂತೆ. ಸತ್ತವನು ಬಸ್ ಕಂಪನಿಯ ಚೆಕಿಂಗ್ ಇನ್‌ಸ್ಪೆಕ್ಟರ್ ಕೋನಪ್ಪ. ಚೀಲದಲ್ಲಿ ಇದ್ದದ್ದು ಮನೆಗೆ ಒಯ್ಯುತ್ತಿದ್ದ ಕಡಲೆಕಾಯಿ.

ತಪ್ಪು ಆಳನ್ನು ಕೊಂದೆವೆಂದು ತಿಳಿದಾಗ ಆವುಲಪ್ಪ ಕಂಗಾಲಾಗಲಿಲ್ಲ. ಕೋನಪ್ಪನಿಗೂ ದಸ್ತಗಿರನಿಗೂ ಹಿಂದಿನ ವಾರ ಶಿಡ್ಲಘಟ್ಟದ ಬಸ್ಸಿನಲ್ಲಿ ಟಿಕೆಟ್ಟಿನ ವಿಷಯಕ್ಕೆ ಕೈ ಕೈ ಮಿಲಾಯಿಸಿತ್ತು, ಅದನ್ನು ಬಸ್ಸು ತುಂಬ ಜನ ನೋಡಿದ್ದರು. ಇದು ಸಾಕಾಯಿತು. ದಸ್ತಗಿರ್ ಸೇತುವೆಯ ಮೇಲೆ ಮಚ್ಚು ಬೀಸಿದ್ದನ್ನು ಕಣ್ಣಾರೆ ಕಂಡೆವೆಂದು ಹೇಳುವುದಕ್ಕೆ ಇಬ್ಬರು ಸಾಕ್ಷಿಗಳು ಹುಟ್ಟಿಕೊಂಡರು. ಕೊಕ್ಕೆಯ ಗಾಯದ ರಕ್ತ ಮೆತ್ತಿದ ದಸ್ತಗಿರನ ಅಂಗಿಯೂ ಸಿಕ್ಕಿತು.

ಅವತ್ತು ದಸ್ತಗಿರ್ ನನ್ನ ಜೊತೆಯಲ್ಲಿದ್ದ ಎಂದು ಚನ್ನಕೇಶವ ಸಬ್‌ ಇನ್‌ಸ್ಪೆಕ್ಟರಿಗೆ ಹೇಳಿದ್ದುಂಟು. ಯಾವ ದಾರಿಯಲ್ಲಿ ಬಂದಿರಿ ಎಂದಾಗ ಗುಡಿಬಂಡೆ ಎಂದ. ಯಾಕೆ ಸುತ್ತಿದಿರಿ ಎಂದು ಆತ ಮತ್ತೆ ಕೇಳಿದ. ನಾಳೆ ಬರೆದು ಕೊಡುತ್ತೇನೆಂದು ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಯಾಕೆ ಎಂಬುದಕ್ಕೆ ಉತ್ತರ ಬರೆದರೆ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ ಎಂದೂ ಬರೆದ ಹಾಗೆ. ನಾಚಿಕೆಯೂ ಇತ್ತು, ಪ್ರಾಣಭಯವೂ ಇತ್ತು. ಯಾವುದು ಹೆಚ್ಚು ಎಂದು ಅವನಿಗೇ ತಿಳಿಯದು.

ಮೆಮೊ ಬಂದ ಸುದ್ದಿ ಆವುಲಪ್ಪನಿಗೆ ಹೇಗೆ ತಲುಪಿತೋ, ಸರ್ಕಾರಿ ಕಚೇರಿಯ ಗೋಡೆಗೆ ಕಿವಿ ಮಾತ್ರವಲ್ಲ ಬಾಯಿಯೂ ಇರುತ್ತದೆ. ಮರುದಿನ ಮಧ್ಯಾಹ್ನ ಕಚೇರಿಯಲ್ಲಿ ಚನ್ನಕೇಶವನೊಬ್ಬನೇ ಇದ್ದಾಗ ಮೂವರು ಬಂದು ಬಾಗಿಲು ಹಾಕಿದರು. ಮುಂದೆ ನಿಂತವನು ಹಲ್ಲು ಕಳೆದುಕೊಂಡ ಬಾವಮೈದ. ಮೊದಲು ಮರ್ಯಾದೆಯಿಂದಲೇ ಮಾತಾಡಿದ. ಇಪ್ಪತ್ತೆರಡು ಮೈಲಿಗೆ ಒಪ್ಪಿಗೆ ಬರೆದುಬಿಡಿ, ಒಂದು ರುಜು ತಾನೆ, ಯಾರದೋ ಮನೆಯವನಿಗಾಗಿ ನೀವು ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದ.

ಚನ್ನಕೇಶವ ಲೇಖನಿಯನ್ನು ಎತ್ತಿಕೊಂಡದ್ದು ನಿಜ. ಮುಚ್ಚುವುದೇನು, ಮೆಮೊದ ಅಂಚಿನಲ್ಲಿ ‘ಒಪ್ಪಿ’ ಎಂದು ಎರಡು ಅಕ್ಷರ ಬರೆದದ್ದೂ ನಿಜ. ಆಗ ಅವನಿಗೆ ಬೆಳಿಗ್ಗೆ ಬಂದಿದ್ದ ದಸ್ತಗಿರನ ಹೆಂಡತಿ ಖುರ್ಷಿದ್ ನೆನಪಾದಳು. ಅವಳು ಲಾಕಪ್ಪಿನಿಂದ ತಂದ ಗಂಡನ ಬನಿಯನ್ನನ್ನು ಮೇಜಿನ ಮೇಲೆ ಬಿಡಿಸಿಟ್ಟಿದ್ದಳು. ಬೆನ್ನಿನ ಚರ್ಮ ಅಲ್ಲಲ್ಲಿ ಅದಕ್ಕೆ ಅಂಟಿಕೊಂಡು ಬಂದಿತ್ತು. ಅವಳು ಏನೂ ಕೇಳಿರಲಿಲ್ಲ, ಬೇಡಿಕೊಂಡಿರಲಿಲ್ಲ, ಬಟ್ಟೆಯನ್ನು ಮತ್ತೆ ಮಡಿಸಿಕೊಂಡು ಹೋಗಿದ್ದಳು. ಚನ್ನಕೇಶವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬರೆದ ಎರಡು ಅಕ್ಷರವನ್ನು ಹೊಡೆದುಹಾಕಿ ಲೇಖನಿ ಕೆಳಗಿಟ್ಟ.

ಇಬ್ಬರು ಅವನ ತೋಳು ಹಿಡಿದು ಬಲಗೈಯನ್ನು ಮೇಜಿಗೆ ಒತ್ತಿದರು. ಕಪಾಟಿನ ಮೇಲೆ ಪರೀಕ್ಷೆಯ ಬಟ್ಟುಗಳಿದ್ದವು, ಸರ್ಕಾರದ ಮುದ್ರೆ ಹಾಕಿದ ಕರಾರುವಾಕ್ಕಾದ ಬಟ್ಟುಗಳು. ಬಾವಮೈದ ಅದರಲ್ಲಿ ಐದು ಕಿಲೋದ್ದನ್ನು ಎರಡು ಕೈಯಲ್ಲಿ ಎತ್ತಿ ಬೆರಳುಗಳ ಮೇಲೆ ಹಾಕಿದ. ಮೂಳೆ ಮುರಿದ ಸದ್ದು ಚನ್ನಕೇಶವನಿಗೆ ಕೇಳಿಸಿತು. ಮತ್ತೆ ಎತ್ತಿ ಹಾಕಿದ. ಮೂರನೆಯ ಸಲ ಎತ್ತುವ ಹೊತ್ತಿಗೆ ಊಟ ಮುಗಿಸಿ ಬಂದ ವೆಂಕಟರಾಮಪ್ಪ ಬಾಗಿಲು ಬಡಿಯತೊಡಗಿದ, ಬೀದಿಯ ಜನ ಸೇರಿದರು. ಬಂದವರು ಹಿತ್ತಿಲ ಗೋಡೆ ಹಾರಿದರು. ಮೇಜಿನ ಮೇಲಿನ ಮೆಮೊ ನೆನೆದು ಕೆಂಪಾಗಿತ್ತು.

ಆಸ್ಪತ್ರೆಯಿಂದ ಕೈಗೆ ಹಲಗೆ ಕಟ್ಟಿಸಿಕೊಂಡು ಬಂದವನೇ ಚನ್ನಕೇಶವ, ಬರಕೊಳ್ಳಪ್ಪ ವೆಂಕಟರಾಮಪ್ಪ ಎಂದ. ಬರೀ ಸುತ್ತಿದೆ ಅಂದರೆ ಲೆಕ್ಕದವರು ಒಪ್ಪುವುದಿಲ್ಲ ಸಾರ್, ಆ ದಾರಿಯಲ್ಲಿ ನಿಮ್ಮನ್ನು ಕಂಡವರು ಯಾರಾದರೂ ಬೇಕು ಎಂದ ವೆಂಕಟರಾಮಪ್ಪ. ಕಂಡವನು ಇದ್ದದ್ದು ಒಬ್ಬನೇ. ಅವನ ಹೆಸರು ಬರೆಸಿದರೆ ಠಾಣೆಯ ಎದುರೇ ಬಾಯಿ ಮುಚ್ಚಿಕೊಂಡು ಕೂತಿದ್ದೂ ಬಯಲಾಗುತ್ತದೆ. ಆದರೂ ಚನ್ನಕೇಶವ ಪೂರ್ತಿ ಹೇಳಿ ಬರೆಸಿದ.

“ನಾನು ಹತ್ತಿರದ ದಾರಿ ಬಿಟ್ಟದ್ದು ಸ್ವಂತ ಸೌಕರ್ಯಕ್ಕಲ್ಲ. ಮಂಚೇನಹಳ್ಳಿಯ ಸೇತುವೆಯ ಬಳಿ ನಮ್ಮನ್ನು ಕೊಲ್ಲಲು ಜನ ಕಾದಿದ್ದಾರೆಂದು ಗೌರಿಬಿದನೂರಿನಲ್ಲೇ ತಿಳಿಯಿತು. ದೀಪ ಹಚ್ಚುವ ಹೊತ್ತಿನಲ್ಲಿ ನಾನೂ ಅಟೆಂಡರ್ ದಸ್ತಗಿರೂ ಗುಡಿಬಂಡೆಯ ಪೊಲೀಸ್ ಠಾಣೆಯ ಎದುರಿನ ಹೋಟೆಲಿನಲ್ಲಿದ್ದೆವು. ಕಾನ್‌ಸ್ಟೇಬಲ್ ರಾಮಾಂಜಿನಪ್ಪನವರು ನಮ್ಮನ್ನು ಅಲ್ಲಿ ನೋಡಿ ಮಾತಾಡಿಸಿದ್ದಾರೆ. ಕ್ರಮಿಸಿದ ದೂರ ಮೂವತ್ತೆಂಟು ಮೈಲಿ. ಇಪ್ಪತ್ತೆರಡಕ್ಕೆ ನನ್ನ ಒಪ್ಪಿಗೆ ಇಲ್ಲ.”

ರುಜುವನ್ನು ಎಡಗೈಯಲ್ಲಿ ಹಾಕಿದ. ರುಜು ತಾಳೆಯಾಗುವುದಿಲ್ಲವೆಂದು ಮತ್ತೊಂದು ಮೆಮೊ ಬಂದೀತೆಂದು, ಇದು ಅವರದೇ ರುಜು, ಬಲಗೈ ಮುರಿದಿದೆ ಎಂದು ವೆಂಕಟರಾಮಪ್ಪ ಪಕ್ಕದಲ್ಲಿ ಷರಾ ಬರೆದ. ಕೋಲಾರದ ಮೇಲಧಿಕಾರಿಗಳು ಶಿಫಾರಸು ಮಾಡಿದರು. ಲೆಕ್ಕಪತ್ರ ಶಾಖೆ ಕಾರಣವನ್ನು ಒಪ್ಪಿ ಮೂವತ್ತೆಂಟು ಮೈಲಿಯನ್ನೂ ಮಂಜೂರು ಮಾಡಿತು.

ದಸ್ತಗಿರನ ಕಡೆಯ ವಕೀಲರು ಆ ಪತ್ರವನ್ನೂ ಬಿಲ್ಲನ್ನೂ ಮ್ಯಾಜಿಸ್ಟ್ರೇಟರ ಮುಂದೆ ತರಿಸಿ ಗಟ್ಟಿಯಾಗಿ ಓದಿದರು. ರಾಮಾಂಜಿನಪ್ಪ ಕಟಕಟೆ ಹತ್ತಿ, ಹೌದು ಸ್ವಾಮಿ, ಈತನ ತೋಳಿನಲ್ಲಿ ರಕ್ತ ನೋಡಿ ನಾನೇ ಕೇಳಿದೆ ಎಂದ. ಆವುಲಪ್ಪನ ಸಾಕ್ಷಿಗಳು ತಡವರಿಸಿದರು, ಒಬ್ಬ ಅಲ್ಲೇ ಬಾಯಿ ಬಿಟ್ಟ. ದಸ್ತಗಿರನನ್ನು ಬಿಟ್ಟರು. ಬಾವಮೈದನ ಕೈಗೆ ಕೋಳ ಬಿತ್ತು. ಖುರ್ಷಿದ್ ಅಲ್ಲಿಯೇ ನೆಲಕ್ಕೆ ಕುಸಿದು ಅತ್ತಳು, ಚನ್ನಕೇಶವನಿಗೂ ಕಣ್ಣು ತುಂಬಿತು. ಆ ಒಂದು ಗಳಿಗೆ ಅವನಿಗೆ ತಾನು ಗಂಡಸು ಎನ್ನಿಸಿದ್ದು ಸುಳ್ಳಲ್ಲ.

ಹೊರಗೆ ಹುಣಸೆಮರದ ಕೆಳಗೆ ಕೋನಪ್ಪನ ಹೆಂಡತಿ ಆಂಜಿನಮ್ಮ ನಿಂತಿದ್ದಳು. ಪತ್ರ ಓದುವಾಗ ಅವಳೂ ಒಳಗಿದ್ದಳು. ಚನ್ನಕೇಶವ ತಲೆ ತಗ್ಗಿಸಿ ದಾಟಿ ಹೋಗಲು ನೋಡಿದ. ಅವಳು ಎದುರಿಗೆ ಬಂದಳು.

“ಠಾಣೆ ಎದುರಿಗೇ ಕೂತು ಚಾ ಕುಡಿದ್ರಂತಲ್ಲಪ್ಪಾ. ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಅವಳು ಹಲಗೆ ಕಟ್ಟಿದ ಅವನ ಬಲಗೈಯನ್ನು ಎರಡು ಕೈಯಲ್ಲೂ ಹಿಡಿದು, ಬಟ್ಟೆ ಹಿಂಡುವಂತೆ ಹಿಂಡಿದಳು. ಕೂಡಿಕೊಳ್ಳುತ್ತಿದ್ದ ಮೂಳೆ ಮತ್ತೆ ಬಿಟ್ಟುಕೊಂಡಿತು. ಚನ್ನಕೇಶವ ತುಟಿ ಕಚ್ಚಿ ನಿಂತ, ಕೈ ಎಳೆದುಕೊಳ್ಳಲಿಲ್ಲ. ಜನ ನೋಡುತ್ತಿದ್ದರು, ಯಾರೂ ಬಿಡಿಸಲು ಬರಲಿಲ್ಲ.

ಕೊನೆಗೆ ಬಂದವನು ದಸ್ತಗಿರ್. ಅಮ್ಮಾ, ಬಿಡಿ ಅಮ್ಮಾ ಎಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅವಳ ಬುತ್ತಿಯ ಗಂಟನ್ನು ತಾನೇ ಎತ್ತಿಕೊಂಡು ಮಂಚೇನಹಳ್ಳಿಯ ಬಸ್ಸಿನ ಕಡೆಗೆ ನಡೆಸಿಕೊಂಡು ಹೋದ. ಹಾಗೆ ಹೋಗುವಾಗ ಸಾಹೇಬರ ಕಡೆ ತಿರುಗಿ ನೋಡಲಿಲ್ಲ.