ಇಂಗಿನ ಡಬ್ಬಿಯ ಬೆನ್ನು

ಚೆಂಗನ್ನೂರಿನ ಮಹಿಳಾ ಸಂಘದ ಮಾವಿನ ಉಪ್ಪಿನಕಾಯಿಗೆ ಮಲಯಾಳಂ ಲೇಬಲ್ ಬರೆದವಳು ತಂಗಮಣಿ. ಮಾವು, ಉಪ್ಪು, ಮೆಣಸಿನಪುಡಿ, ಎಳ್ಳೆಣ್ಣೆ, ಇಂಗು. ಅಲರ್ಜಿ ಎಚ್ಚರಿಕೆ: ಎಳ್ಳು ಇದೆ. ಒಣ ಚಮಚ ಬಳಸಿ. ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ.

ನೆರೆಮನೆಯ ಬಿನ್ಸಿ ಖಾಲಿ ಬಾಟಲಿ ಹಿಡಿದು ಬಂದಳು.

"ತಂಗಮಣಿ ಚೇಚಿ, ಗೋಧಿ ಸೋಕಿದ್ರೂ ನನ್ನ ಮಗಳಿಗೆ ಆಗಲ್ಲ, ಗೊತ್ತಲ್ಲ? ಅಂಗಡೀದು ನಂಬಲ್ಲ, ನಿಮ್ಮ ಲೇಬಲ್ ಓದಿಯೇ ಕೊಡೋದು. ಆದ್ರೂ ಹೊಟ್ಟೆನೋವು ಬಿಡ್ತಿಲ್ಲ, ಎಲ್ಲಿಂದ ಬರುತ್ತೋ! ಇನ್ನೊಂದು ಬಾಟಲಿ ಕೊಡಿ."

ತಂಗಮಣಿ ಬಾಟಲಿಗೆ ಕೈ ಚಾಚಿದಳು. ಪಕ್ಕದಲ್ಲೇ ಇಂಗಿನ ಡಬ್ಬಿ ಬೆನ್ನು ತೋರಿಸಿಕೊಂಡು ಕೂತಿತ್ತು. ಅದರ ಮೇಲೆ ಸಣ್ಣ ಅಕ್ಷರದಲ್ಲಿ: ಇಂಗಿಗೆ ಬೆರೆಸಿದ್ದು ಗೋಧಿ ಹಿಟ್ಟು.

ಬಾಟಲಿಯ ಬದಲು ಡಬ್ಬಿಯನ್ನೇ ಬಿನ್ಸಿಯ ಕೈಗಿಟ್ಟಳು.

"ಇದನ್ನ ಓದು. ನಾನು ಓದಿರಲಿಲ್ಲ."