ಸಾಹೇಬರ ಹೆಸರಿನ ನೋಟ

ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲವಾದರೆ ನೀವು ಬಾಬುಸಾಬ ಚಾಚಾನನ್ನು ಅನುಮಾನಿಸುತ್ತೀರಿ. ಅವನು ಪಾಪ, ಕೊಟ್ಟ ಹಾಳೆಯನ್ನು ಗೋಂದು ಹಚ್ಚಿ ಬೋರ್ಡಿಗೆ ಅಂಟಿಸುವ ಜವಾನ. ಸಾಹೇಬರಿಗೆ ಕಂಪ್ಯೂಟರ್ ಕಲಿಸಿದವಳು ನಾನು.

ಎರಡು ಸಾವಿರದ ನಾಲ್ಕರ ಮಾತು. ಧಾರವಾಡದಲ್ಲಿ ನಮ್ಮ ಟ್ರಸ್ಟಿನದೊಂದು ಹುಡುಗಿಯರ ಹಾಸ್ಟೆಲ್. ಸೀಟು ನಲವತ್ತು, ಆ ವರ್ಷ ಬಂದ ಅರ್ಜಿ ನೂರಾ ಹನ್ನೆರಡು. ಆಫೀಸಿನಲ್ಲಿ ಒಂದೇ ಕಂಪ್ಯೂಟರ್, ಅದರ ಮುಂದೆ ನಾನು, ಅಬೀದಾ. ನನ್ನ ಹಿಂದೆ ಟ್ರಸ್ಟಿನ ಸೆಕ್ರೆಟರಿ ಅರ್ಜುನಪ್ಪ ಸಾಹೇಬರು. ಹಿಂದೆ ಅಂದರೆ ನಿಜವಾಗಿಯೂ ಹಿಂದೆಯೇ. ಕುರ್ಚಿ ಎಳೆದುಕೊಂಡು ನನ್ನ ಹೆಗಲ ಮೇಲಿಂದ ಸ್ಕ್ರೀನು ನೋಡುತ್ತ ಕೂಡುತ್ತಿದ್ದರು.

ನೂರಾ ಹನ್ನೆರಡೂ ಹುಡುಗಿಯರನ್ನು ಅಂಕದ ಕ್ರಮದಲ್ಲಿ ಒಂದೇ ಎಕ್ಸೆಲ್ ಹಾಳೆಗೆ ಕನ್ನಡದಲ್ಲಿ ಏರಿಸಿದ್ದೆ. ಕ್ರಮಸಂಖ್ಯೆ, ಹೆಸರು, ಊರು, ಅಂಕ, ತಂದೆಯ ಉದ್ಯೋಗ, ಫೋನು, ಸೀಟು ಆಗಿದೆಯೋ ಇಲ್ಲವೋ. ಎಲ್ಲದರ ಕೊನೆಗೆ ಸಾಹೇಬರೇ ಹಾಕಿಸಿದ ಒಂದು ಕಾಲಮ್ಮು: ‘ಹೇಳಿದವರು’. ಅಂದರೆ ಈ ಹುಡುಗಿಯನ್ನು ತೆಗೆದುಕೊಳ್ಳಿ ಎಂದು ಯಾರು ಹೇಳಿ ಕಳಿಸಿದ್ದಾರೆ ಎಂಬುದು. ನಮ್ಮಲ್ಲಿ ಅಂಕ ಹುಡುಗಿ ತರುತ್ತಾಳೆ, ಸೀಟು ಹೇಳಿದವರು ತರುತ್ತಾರೆ. ಹದಿನಾಲ್ಕು ಹುಡುಗಿಯರಿಗೆ ಹೇಳಿದವರಿದ್ದರು.

ತಲೆನೋವು ಎಂದರೆ, ಈ ಒಂದೇ ಹಾಳೆ ಮೂವರಿಗೆ ಮೂರು ರೀತಿ ಬೇಕು. ನೋಟಿಸ್ ಬೋರ್ಡಿಗೆ ಸೀಟು ಆದವರ ಹೆಸರು, ಊರು ಮಾತ್ರ. ವಾರ್ಡನ್‌ಗೆ ಅದೇ ಹುಡುಗಿಯರು, ಫೋನಿನ ಸಮೇತ. ಸಾಹೇಬರಿಗೆ ಹೇಳಿದವರಿದ್ದ ಹುಡುಗಿಯರಷ್ಟೇ, ಅದೂ ಅಡ್ಡ ಹಾಳೆಯಲ್ಲಿ, ದಪ್ಪ ತಲೆಬರಹ ಇಟ್ಟು. ಅಂಕದ ಕಾಲಮ್ಮು ಬೇಡವೇ ಬೇಡ. “ಅದನ್ನ ಕಂಡ್ರ ಮನಸು ಕೆಡತೈತಿ, ಮುಚ್ಚು” ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲ ಫಿಲ್ಟರ್ ಹಾಕು, ಕಾಲಮ್ಮು ಮುಚ್ಚು, ತೆರೆ, ಹಾಳೆ ಅಡ್ಡ ಮಾಡು, ಉದ್ದ ಮಾಡು. ನನ್ನ ಪಿತ್ತ ನೆತ್ತಿಗೇರಿತ್ತು.

ಒಂದು ದಿನ ಮೆನುಗಳನ್ನು ಕೆದಕುವಾಗ ವ್ಯೂ ಎಂಬಲ್ಲಿ ‘ಕಸ್ಟಮ್ ವ್ಯೂಸ್’ ಸಿಕ್ಕಿತು. ಹಾಳೆಯನ್ನು ಒಮ್ಮೆ ಬೇಕಾದಂತೆ ಸಜ್ಜುಗೊಳಿಸಿ, ಅಲ್ಲಿ ಆ್ಯಡ್ ಒತ್ತಿ ಒಂದು ಹೆಸರು ಕೊಟ್ಟರೆ ಸಾಕು. ಮುಚ್ಚಿದ ಸಾಲು, ಕಾಲಮ್ಮು, ಫಿಲ್ಟರು ಒಂದು ಟಿಕ್ ಗುರುತಿನಲ್ಲಿ, ಪ್ರಿಂಟಿನ ಹೊಂದಿಕೆ ಇನ್ನೊಂದು ಟಿಕ್ ಗುರುತಿನಲ್ಲಿ, ಎರಡೂ ಆ ಹೆಸರಿನಡಿ ಉಳಿಯುತ್ತವೆ. ಆಮೇಲೆ ಹೆಸರು ಆರಿಸಿ ಶೋ ಒತ್ತಿದರೆ ಹಾಳೆ ಆ ವೇಷದಲ್ಲಿ ಎದ್ದು ನಿಲ್ಲುತ್ತದೆ. ಮಾಹಿತಿ ಒಂದೇ, ನೋಟ ಮೂರು. ನನಗಾದ ಖುಷಿ ಹೇಳತೀರದು.

ನಮ್ಮ ಆಫೀಸಿನಲ್ಲಿ ಏನಿದ್ದರೂ ಅದರ ಮೇಲೆ ಯಾರದಾದರೂ ಹೆಸರಿರುತ್ತದೆ. ಫೈಲಿಗೆ, ಕುರ್ಚಿಗೆ, ಚಹಾದ ಕಪ್ಪಿಗೆ. ಅದೇ ರೂಢಿಯಲ್ಲಿ ನಾನೂ ಇಂಗ್ಲಿಷ್ ಅಕ್ಷರದಲ್ಲಿ ಮೂರು ಹೆಸರು ಕೊಟ್ಟೆ: ನೋಟಿಸ್, ಸಾಹೇಬ್ರು, ವಾರ್ಡನ್. ಸಾಹೇಬರು ತಮ್ಮ ಹೆಸರು ಕಂಡು ಎದೆಯುಬ್ಬಿಸಿದರು.

“ನನಗೂ ಕಲಸು ಅಬೀದಾಬಾಯಿ. ನೀ ಇಲ್ದಾಗ ನಾ ಮಾಡ್ತೇನಿ.”

ಕಲಿಸಿದೆ. ಹೆಸರು ಆರಿಸಿರಿ, ಶೋ ಒತ್ತಿರಿ, ಪ್ರಿಂಟ್ ಕೊಡಿರಿ. ಎರಡೇ ದಿನದಲ್ಲಿ ಕೈ ಕುದುರಿತು. ಬಂದವರ ಮುಂದೆಲ್ಲ ಮಾಡಿ ತೋರಿಸತೊಡಗಿದರು. ನಾನೂ ಬೀಗಿದೆ ಬಿಡಿ.

ಇದರ ನಡುವೆ ಒಂದು ಮುಳ್ಳು. ಮೂವತ್ತೊಂದನೆಯ ಸಾಲಿನಲ್ಲಿ ಕಾವೇರಿ ಎಂಬ ಹುಡುಗಿ, ಊರು ಹುಬ್ಬಳ್ಳಿ ಕಡೆಯ ಸುಳ್ಳ ಎಂಬ ಹಳ್ಳಿ. ಅಂಕ ನೋಡಿದರೆ ನಲವತ್ತರೊಳಗೆ ಸರಿಯಾಗಿ ಕೂಡುತ್ತಿದ್ದಳು. ಆದರೆ ಹೇಳಿದವರಿದ್ದ ಹದಿನಾಲ್ಕನ್ನು ಮೊದಲು ಕೂಡಿಸಿದ್ದರಿಂದ ಅಂಕದ ಗೆರೆ, ಅವರಲ್ಲೇ ಇಬ್ಬರು ಅಂಕದಲ್ಲೂ ಮೇಲಿದ್ದರೂ, ಇಪ್ಪತ್ತೆಂಟಕ್ಕೇ ನಿಂತುಬಿಟ್ಟಿತು. ಅರ್ಜಿ ಕೊಡಲು ಬಂದಾಗ ತಾಯಿ ಸಾವಕ್ಕ ನನ್ನ ಮುಂದೆಯೇ ನಿಂತಿದ್ದಳು. ಅಮರಗೋಳದ ಎಪಿಎಂಸಿ ಮಾರುಕಟ್ಟೆ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸ. ಸೆರಗು, ಬೆರಳು ಎಲ್ಲಕ್ಕೂ ಅದೇ ಈರುಳ್ಳಿ ವಾಸನೆ.

“ಎರಡು ಬಸ್ಸು ಬದಲಿ ಮಾಡಿ ಬರೂದ್ರಾಗ ಎರಡು ತಾಸಿನ ಪಾಠ ಮುಗದಿರತೈತ್ರಿ ಬಾಯಾರ” ಎಂದಿದ್ದಳು. “ಹಾಸ್ಟೆಲ್ ಸಿಗಲಿಲ್ಲಂದ್ರ ಹುಡುಗಿ ಕಾಕಾ ಸಾಲಿ ಬಿಡಸ್ತಾನ. ಬಿಡಸೂದ ಖರೇ, ಹೇಳೇಬಿಟ್ಟಾನ.”

ಹಾಗಿದ್ದೂ ಕಾವೇರಿಯ ಸೀಟಿನ ಕಾಲಮ್ಮನ್ನು ಖಾಲಿ ಬಿಟ್ಟವಳು ನಾನೇ. ಸಾಹೇಬರು ಹೇಳಿದರು, ನಾನು ಬಿಟ್ಟೆ.

ಬೋರ್ಡಿಗೆ ಆಯ್ಕೆಯಾದವರ ಯಾದಿ ಹಚ್ಚುವ ಸೋಮವಾರ ನನ್ನ ತಂಗಿಯ ಮದುವೆಯ ಮಾತುಕತೆ. ಅರ್ಧ ದಿನ ರಜೆ ಹಾಕಿ ಹುಬ್ಬಳ್ಳಿಗೆ ಹೋದೆ. ಆಫೀಸಿನಲ್ಲಿ ಟ್ರಸ್ಟಿನ ನಾಲ್ಕು ಮಂದಿ ಹಿರಿಯರು ಕೂತಿದ್ದರಂತೆ. “ಅಬೀದಾಬಾಯಿ ಬರೂತನಕ ಯಾಕ ಕಾಯೂದು?” ಎಂದು ಸಾಹೇಬರೇ ಕಂಪ್ಯೂಟರ್ ಮುಂದೆ ಕೂತರು. ಕಸ್ಟಮ್ ವ್ಯೂಸ್ ತೆರೆದರು. ಮೂರು ಹೆಸರು ಕಂಡವು. ತಮ್ಮ ಹೆಸರೇ ಎದುರಿಗಿರುವಾಗ ಬೇರೆಯವರದನ್ನು ಒತ್ತಲು ಅವರಿಗೇನು ಹುಚ್ಚೇ? ಒತ್ತಿದರು. ಅಡ್ಡ ಹಾಳೆ, ದಪ್ಪ ತಲೆಬರಹ, ಹದಿನಾಲ್ಕು ಹೆಸರು. ಅವರ ಮನಸ್ಸಿನಲ್ಲಿ ಆಯ್ಕೆ ಎಂದರೆ ಆ ಹದಿನಾಲ್ಕೇ, ಅದಕ್ಕೇ ಅನುಮಾನವೂ ಬರಲಿಲ್ಲ. ರುಜು ಹಾಕಿದರು. ಚಾಚಾ ಅಂಟಿಸಿದ.

ಮಂಗಳವಾರ ಬಂದು ಬೋರ್ಡು ನೋಡಿದೆ. ಪ್ರತಿ ಹುಡುಗಿಯ ಹೆಸರಿನೆದುರು ಹೇಳಿದವರ ಹೆಸರು, ಎಲ್ಲರೂ ಓದುವಂತೆ ಸ್ಪಷ್ಟ. ಅಂಕದ ಮೇಲೆ ಸೀಟು ಪಡೆದಿದ್ದ ಇಪ್ಪತ್ತಾರು ಹುಡುಗಿಯರು ಯಾದಿಯಲ್ಲೇ ಇಲ್ಲ.

“ಚಾಚಾ, ಇದನ್ನ ಓದಲಿಲ್ಲೇನು?”

“ಓದೀನಿ ಬೇಟಾ” ಎಂದ ಬಾಬುಸಾಬ. “ಯಾವಾಗ್ಲೂ ಹಿಂಗs ಇರತೈತಲ್ಲ. ಈ ಸಲ ಬರದು ಹಚ್ಯಾರ ಅನಕೊಂಡೆ.”

ಇನ್ನು ಜನ ಕಲ್ಲು ತೂರುತ್ತಾರೆ, ಪೇಪರಿನವರು ಬರುತ್ತಾರೆ, ನನ್ನ ನೌಕರಿ ಹೋಗುತ್ತದೆ ಎಂದುಕೊಂಡೆ. ಯಾರೂ ಬರಲಿಲ್ಲ. ಬಂದವು ಫೋನುಗಳು. ಹೆಸರು ಬೋರ್ಡಿಗೇರಿದ ಹದಿನಾಲ್ಕು ಮಂದಿ ಹೇಳಿದವರಿಗೆ ಸಿಟ್ಟೇನೂ ಇರಲಿಲ್ಲ. ಒಬ್ಬರಂತೂ ಮೊಮ್ಮಗನನ್ನು ಕರೆತಂದು ತಮ್ಮ ಹೆಸರು ತೋರಿಸಿಹೋದರು. ಸಿಟ್ಟು ಬಂದದ್ದು ಹೆಸರಿಲ್ಲದ ದೊಡ್ಡವರಿಗೆ. “ನನ್ನ ಮಾತಿಗೆ ಅಷ್ಟೂ ಬೆಲಿ ಇಲ್ಲೇನು? ಆ ಮನಷ್ಯಾನ ಹೆಸರು ಐತಿ, ನನ್ನದಿಲ್ಲ?” ಎಂದು ಒಬ್ಬೊಬ್ಬರೂ ಸಾಹೇಬರ ಕಿವಿ ಹಿಂಡಿದರು. ತಂದೆ ತಾಯಂದಿರೂ ಜಾಣರು. ಯಾದಿ ನೋಡಿ ತಮ್ಮಲ್ಲಿ ಯಾವ ಕಾಲಮ್ಮು ಖಾಲಿ ಇದೆ ಎಂಬುದು ಅವರಿಗೆ ತಿಳಿದುಹೋಯಿತು. ಬುಧವಾರ ಆಫೀಸಿನ ಮುಂದೆ ಸಾಲು ಹಚ್ಚಿ, ಹೇಳಿದವರ ಹೆಸರಿನ ಚೀಟಿ ಕೊಡತೊಡಗಿದರು. ಯಾವ ಚೀಟಿಯನ್ನು ಬೇಡ ಎನ್ನುವುದು? ಸಾಹೇಬರು ಬೆವರು ಒರೆಸಿಕೊಳ್ಳುತ್ತ “ಬರಕೋ, ಬರಕೋ” ಎಂದರು. ನಾನು ಬರೆದುಕೊಂಡೆ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ನೂರಾ ಹನ್ನೊಂದು ಹುಡುಗಿಯರಿಗೆ ಹೇಳಿದವರಿದ್ದರು. ಖಾಲಿ ಉಳಿದದ್ದು ಒಂದೇ, ಮೂವತ್ತೊಂದನೆಯ ಸಾಲು.

ಆಗ ಸಾವಕ್ಕ ಬಂದಳು. ಯಾರ್ಡಿನಿಂದ ನೇರ ಬಂದಿದ್ದಳು, ಒಬ್ಬಳೇ.

“ಬಾಯಾರ, ಯಾರರ ಹೇಳಬೇಕಂತಲ್ರಿ?”

“ಹೌದವ್ವಾ. ನಿನಗ ಯಾರೂ ಪರಿಚಯ ಇಲ್ಲೇನು? ಯಾರ್ಡಿನ್ಯಾಗ ಯಾರರ ದಲಾಲರು?”

“ಅವರಿಗೆ ನನ್ನ ಹೆಸರೂ ಗೊತ್ತಿಲ್ರಿ.” ಆಮೇಲೆ ಏನೂ ಅಂಜಿಕೆಯಿಲ್ಲದೆ ಕೇಳಿದಳು: “ನಾನs ಹೇಳಿದ್ರ ನಡ್ಯಾಂಗಿಲ್ಲೇನ್ರಿ? ಹುಡುಗಿ ಛಲೋ ಓದತಾಳ. ನಾ ಹೇಳತೇನಿ, ತಗೋರಿ ಅಂತ.”

ಯಾರ ಹೆಸರಿರಬೇಕು ಎಂದು ಆ ಕಾಲಮ್ಮಿನಲ್ಲಿ ಎಲ್ಲೂ ಬರೆದಿರಲಿಲ್ಲವಲ್ಲ. ‘ಸಾವಕ್ಕ, ಸುಳ್ಳ’ ಎಂದು ಹಾಕಿ ಎಂಟರ್ ಒತ್ತಿದೆ. ಸಾಹೇಬ್ರು ಎಂಬ ನೋಟ ಆರಿಸಿ ಶೋ ಕೊಟ್ಟೆ. ಅದರ ಫಿಲ್ಟರಿಗೆ ಗೊತ್ತಿದ್ದದ್ದು ಒಂದೇ: ಖಾಲಿಯೋ, ಅಲ್ಲವೋ. ಹೇಳಿದವರು ದೊಡ್ಡವರೋ ಸಣ್ಣವರೋ ಎಂದು ಅದು ಕೇಳಲಿಲ್ಲ. ಕಾವೇರಿ ಸಾಲಿನಲ್ಲಿ ಬಂದು ಕೂತಳು.

ಸಂಜೆ ಸಾಹೇಬರು ಪ್ರಿಂಟು ಕೈಗೆತ್ತಿಕೊಂಡರು. ಪುಟಗಟ್ಟಲೆ ಹೆಸರು.

“ಏನಿದು? ಎಲ್ಲಾರೂ ಬಂದಾರಲ್ಲ!”

“ಎಲ್ಲಾರಿಗೂ ಹೇಳ್ಯಾರ್ರಿ ಸಾಹೇಬ್ರ.”

“ಹಂಗಾದ್ರ ಯಾರನ್ನ ಬಿಡೂದು? ಒಬ್ಬರದು ಇಟ್ಟು ಒಬ್ಬರದು ತಗದ್ರ ನನ್ನ ಬದುಕಗೊಡಂಗಿಲ್ಲ ಮಂದಿ.”

“ಅಂಕದ ಕಾಲಮ್ಮು ತೆರೀಲೇನ್ರಿ? ಅದರ ಮ್ಯಾಲೆ ತಪ್ಪು ಹಾಕ್ರಿ. ನಿಮ್ಮ ಮ್ಯಾಲೆ ಬರಂಗಿಲ್ಲ.”

ಮನಸ್ಸು ಕೆಡಿಸುತ್ತಿದ್ದ ಆ ಕಾಲಮ್ಮು ಈಗ ಅವರಿಗೆ ದೇವರ ಹಾಗೆ ಕಂಡಿತು. ತೆರೆದೆ. ಮತ್ತೆ ಆ್ಯಡ್ ಒತ್ತಿ ಅದೇ ಸಾಹೇಬ್ರು ಎಂಬ ಹೆಸರು ಕೊಟ್ಟೆ. ಹಳೆಯದು ಇದೆ, ಅಳಿಸಿ ಮುಂದುವರಿಯಲೇ ಎಂದು ಕೇಳಿತು. ಖಂಡಿತ ಅಳಿಸು ಎಂದೆ. ಹೊಸ ಪ್ರಿಂಟು ತೆಗೆದು ಕೊಟ್ಟೆ. ಸಾಹೇಬರು ನಲವತ್ತನೆಯ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆಯಲು ಬೆರಳು ಜಾರಿಸುತ್ತ ಬಂದು ಮೂವತ್ತೊಂದರಲ್ಲಿ ನಿಂತರು.

“ಈ ಸಾವಕ್ಕ ಯಾರು? ಪಂಚಾಯ್ತಿದಾಕೇನು?”

ಹೌದು ಎಂದಿದ್ದರೆ ಸುಲಭವಿತ್ತು. ನಾಲಿಗೆ ಕೇಳಲಿಲ್ಲ.

“ಹುಡುಗಿ ತಾಯಿ ರೀ.”

“ತಾಯಿ ಹೇಳಿದ್ರ ನಡೀತೈತೇನು?”

“ಬಾಕಿ ಹೇಳಿದವರಾಗ ಎಷ್ಟೋ ಮಂದಿ ಆ ಹುಡುಗೀರ ಮಾರೀನೂ ನೋಡಿಲ್ರಿ” ಎಂದೆ. “ಈಕಿ ಹದಿನಾರು ವರ್ಷ ನೋಡ್ಯಾಳ.”

ಸಾಹೇಬರು ನನ್ನನ್ನು ನೋಡಿದರು, ಹಾಳೆ ನೋಡಿದರು, ಮೂಲೆಯಲ್ಲಿ ಮತ್ತೆ ರಿಂಗಾಗತೊಡಗಿದ ಫೋನು ನೋಡಿದರು. ಗೆರೆಯನ್ನು ನಲವತ್ತರ ಕೆಳಗೇ ಎಳೆದರು.

ಶುಕ್ರವಾರ, ಸೀಟಿನ ಕಾಲಮ್ಮು ತಿದ್ದಿದ ಮೇಲೆ, ನೋಟಿಸ್ ಎಂಬ ನೋಟದಿಂದಲೇ, ನನ್ನ ಕೈಯಿಂದಲೇ ಪ್ರಿಂಟು ಹೋಯಿತು. ಸಾವಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಳು. ಕಾವೇರಿ ಬೋರ್ಡು ಓದಿ ಓಡಿ ಬಂದಳು, ತಾಯಿ ನಿಧಾನಕ್ಕೆ ಬಂದಳು.

“ಅದರಾಗ ನನ್ನ ಹೆಸರಿಲ್ಲಂತಲ್ರಿ?”

ಅವಳು ರಾತ್ರಿ ಶಾಲೆಯಲ್ಲಿ ಸಹಿ ಕಲಿತವಳು. ಓದಲು ಬರುವುದು ತನ್ನ ಹೆಸರೊಂದೇ. ಒಳಗೆ ಕರೆದು ಸಾಹೇಬ್ರು ಎಂಬ ನೋಟ ತೆರೆದು ತೋರಿಸಿದೆ. ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಮೇಲಿನ ಸಾಲಿನಲ್ಲಿ ಒಬ್ಬ ಮಾಜಿ ಅಧ್ಯಕ್ಷರು, ಕೆಳಗಿನ ಸಾಲಿನಲ್ಲಿ ಒಬ್ಬ ಗುತ್ತಿಗೆದಾರರು, ನಡುವೆ ಅವಳು. ಸಾಹೇಬರ ಚಪ್ಪಲಿ ಸಪ್ಪಳ ಕೇಳಿ ನಾನು ತಟ್ಟನೆ ನೋಟಿಸಿಗೆ ಬದಲಿಸಿದೆ. ಹೆಸರು ಮಾಯವಾಯಿತು.

“ಎಲ್ಲಿ ಹೋತ್ರಿ?”

“ಮುಚ್ಚೇನಿ ಅಷ್ಟ. ಒಳಗ ಐತಿ.”

ಸಾವಕ್ಕ ತಲೆಯಾಡಿಸಿದಳು. ಹೊರಟವಳು ಬಾಗಿಲಲ್ಲಿ ನಿಂತು, ಮಗಳಿಗೆ ಕೇಳದ ಹಾಗೆ ದನಿ ತಗ್ಗಿಸಿದಳು.

“ಬಾಯಾರ, ಮುಂದಿನ ವರ್ಷ ನಮ್ಮ ಬಾಜೂ ಮನಿ ಹುಡುಗಿ ಬರತಾಳ್ರಿ. ಆಕಿಗೂ ನಾನs ಹೇಳಲೇನು?”