ಚೀಟಿಯಲ್ಲಿ ಬರೆಯದ ಮೂರು ಬೆರಳು

ಕಳೆದುಹೋದ ಬೆಕ್ಕಿನ ಚೀಟಿ ಹೇಗೆ ಬರೆಯಬೇಕು ಅನ್ನುವುದು ನಮ್ಮ ಗ್ರಿಮ್ಸ್‌ಬಿ ಊರಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಜಂಬಕ್ಕೆ ಹೇಳುತ್ತಿಲ್ಲ. ಲೈಬ್ರರಿಯ ಪ್ರಿಂಟರ್ ಪಕ್ಕ ಹನ್ನೊಂದು ವರ್ಷ ಕೂತವಳು ನಾನು. ಜನ ಅಳುತ್ತಾ ಬಂದು ಕೊಡುವ ಚೀಟಿಗಳನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಮೇಲೆ ಒಂದು ಕವಿತೆ, ನಡುವೆ ಮಸುಕು ಫೋಟೋ, ಕೆಳಗೆ ಮನೆ ವಿಳಾಸ, ಮನೆಯವರ ಪೂರ್ತಿ ಹೆಸರು, ಬಹುಮಾನದ ಮೊತ್ತ. ಕಳ್ಳರಿಗೆ ತಟ್ಟೆಯಲ್ಲಿ ಬಡಿಸಿ ಕೊಟ್ಟ ಹಾಗೆ.

ಹಾಗಾಗಿ ಅಕ್ಟೋಬರಿನ ಆ ಸೋಮವಾರ ಎದುರುಮನೆಯ ಕೋರಲ್ ಬ್ರಾಕಲ್ಸ್‌ಬಿ ನನ್ನ ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕುಸಿದು, "ಪೆಗ್, ಬೋಸನ್ ನಿನ್ನೆಯಿಂದ ಮನೆಗೇ ಬಂದಿಲ್ಲ ಕಣೇ" ಅಂದಾಗ, ನಾನು ಮೊದಲು ಮಾಡಿದ ಕೆಲಸ ಟೀ ಕುದಿಸಿದ್ದಲ್ಲ, ಪೆನ್ನು ಎತ್ತಿಕೊಂಡದ್ದು.

ಬೋಸನ್ ಕೋರಲ್‌ಳ ಅಣ್ಣ ಲೆಸ್ ಸಾಕಿದ್ದ ಬೆಕ್ಕು. ಹನ್ನೊಂದು ವರ್ಷದ ಕರಿ ಗಂಡುಬೆಕ್ಕು. ಲೆಸ್ ಜನವರಿಯಲ್ಲಿ ತೀರಿಕೊಂಡ. ಅವನ ಕೋಟು, ಬೂಟುಗಳನ್ನೆಲ್ಲ ಕೋರಲ್ ಯಾರು ಯಾರಿಗೋ ಕೊಟ್ಟುಬಿಟ್ಟಳು. ಬೆಕ್ಕನ್ನು ಮಾತ್ರ ಇಟ್ಟುಕೊಂಡಳು. ಆಸ್ಪತ್ರೆಯಲ್ಲಿ ಲೆಸ್ ಕೊನೆಗೆ ಕೇಳಿದ್ದು ಅದೊಂದನ್ನೇ. ಈಗ ಅದೂ ಇಲ್ಲ ಅಂದರೆ ಅವಳು ತಡೆದುಕೊಳ್ಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಬೇಕಂತಲೇ ಹೇಳುತ್ತಿದ್ದೇನೆ, ನನಗೆ ಗೊತ್ತಿತ್ತು.

"ಬಹುಮಾನ ಎಷ್ಟು ಅಂತ ಬರೀಲಿ?" ಅಂದಳು.

"ಏನೂ ಬರೀಬೇಡ. ಮೊತ್ತ ಕಂಡ ಕೂಡ್ಲೇ ಊರಿನ ಎಲ್ಲ ಮೋಸಗಾರರ ಕೈಲೂ ನಿನ್ನ ಬೆಕ್ಕು ಇರುತ್ತೆ."

"ಮನೆ ನಂಬರು?"

"ಯಾಕೆ, ಟೀಗೆ ಕರೀತೀಯಾ ಅವರನ್ನ? ಬೀದಿ ಹೆಸರು ಸಾಕು. ಯಾವತ್ತು, ಎಲ್ಲಿ ಕೊನೇ ಸಲ ಕಂಡಿದ್ದು, ಅದು ಹಾಕು. ನಿನ್ನ ಹೆಸರೂ ಬೇಡ."

ಚೀಟಿ ಹೀಗಿತ್ತು: ಓಡುವ ಕಾರಿನಿಂದಲೂ ಕಾಣುವಷ್ಟು ದಪ್ಪಕ್ಷರದಲ್ಲಿ 'ಬೆಕ್ಕು ಕಾಣೆಯಾಗಿದೆ'. ಕೆಳಗೆ ಒಂದೇ ಒಂದು ಸ್ಪಷ್ಟ ಫೋಟೋ. ಕಪ್ಪು, ಗಂಡು, ಬೀಜ ತೆಗೆಸಿದ್ದು, ಚಿಪ್ ಇದೆ, ಅಂಜುಬುರುಕ, ಅಟ್ಟಿಸಿಕೊಂಡು ಹೋಗಬೇಡಿ, ಕಂಡ ಜಾಗದಿಂದಲೇ ಫೋನ್ ಮಾಡಿ, ಸಾಧ್ಯವಾದರೆ ಫೋಟೋ ಕಳಿಸಿ. ನಂಬರಿಗೆ ಅಂತಲೇ ಒಂದು ಹೊಸ ಸಿಮ್ ತಂದು ನನ್ನ ಹಳೆಯ ಫೋನಿಗೆ ಹಾಕಿದೆ. ಸ್ವಂತ ನಂಬರನ್ನು ಕಂಬಕ್ಕೆ ಅಂಟಿಸಿದರೆ ಬೆಕ್ಕು ಸಿಕ್ಕ ಮೇಲೂ ವರ್ಷಗಟ್ಟಲೆ ಕಾಟ ತಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ಸಿಮ್ ಮುರಿದು ಬಿಸಾಕಿದರಾಯಿತು. ಚೀಟಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮಳೆನೀರು ಇಳಿಯದ ಹಾಗೆ ಚೀಲದ ಬಾಯಿ ಕೆಳಗೆ ಮಾಡಿ ಕಟ್ಟಿದೆವು. ಬೆಕ್ಕಿನ ಚರ್ಮದಡಿ ಇಟ್ಟಿರುವ ಗುರುತಿನ ಚಿಪ್‌ನ ದಾಖಲೆ ಇನ್ನೂ ಸತ್ತ ಲೆಸ್‌ನ ಹೆಸರಲ್ಲೇ ಇತ್ತು. ಅದಕ್ಕೆ ಕೋರಲ್‌ಳ ನಂಬರು ಬರೆಸಿದವಳೂ ನಾನೇ.

ಇಷ್ಟೆಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ಚೀಟಿಯಲ್ಲಿ ಬರೆಯಲಿಲ್ಲ. ಬೋಸನ್‌ನ ಹಿಂದಿನ ಎಡಗಾಲಿನಲ್ಲಿ ಮೂರು ಬೆರಳು ಬಿಳಿ. ಫೋಟೋ ಆರಿಸುವಾಗಲೂ ಕಾಲು ಮಡಚಿ ಕೂತದ್ದನ್ನೇ ಆರಿಸಿದೆ.

"ಯಾರಾದ್ರೂ ಸಿಕ್ಕಿದೆ ಅಂದ್ರೆ ಹಿಂದಿನ ಎಡಗಾಲು ಹೇಗಿದೆ ಅಂತ ಕೇಳ್ತೀನಿ," ಅಂದೆ. "ಹೇಳಿದ್ರೆ ನಿಜ. ಹೇಳದಿದ್ರೆ ಕಳ್ಳ."

ಕೋರಲ್ ಮೀನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಇರುವವಳು. ಪಾಳಿ ಮುಗಿಯುವ ತನಕ ಫೋನು ಮುಟ್ಟುವಂತಿಲ್ಲ. ಹಾಗಾಗಿ ಆ ಫೋನು ನನ್ನ ಬಳಿ ಉಳಿಯಿತು.

ಮೊದಲ ದಿನವೇ ಶುರುವಾಯಿತು. ಇಬ್ಬರು ಹುಡುಗಿಯರು ಮಿಯಾಂವ್ ಅಂದು ನಕ್ಕು ಫೋನ್ ಇಟ್ಟರು. ಒಬ್ಬ, "ನೀವೇ ನಿಜವಾದ ಯಜಮಾನರಾ ಅಂತ ನೋಡ್ಬೇಕು, ನಿಮ್ಮ ಫೋನಿಗೆ ಒಂದು ಸಂಖ್ಯೆ ಬರುತ್ತೆ, ಅದನ್ನ ಓದಿ ಹೇಳಿ" ಅಂದ. ಆ ಸಂಖ್ಯೆ ಹೇಳಿದರೆ ನಮ್ಮ ನಂಬರನ್ನೇ ಅವನು ತನ್ನದಾಗಿ ಮಾಡಿಕೊಂಡು ಇನ್ನೊಬ್ಬರಿಗೆ ಟೋಪಿ ಹಾಕುತ್ತಾನೆ. ಇನ್ನೊಬ್ಬ, ಬೆಕ್ಕು ತನ್ನ ಲಾರಿ ಹತ್ತಿ ಹಾಲೆಂಡಿಗೆ ಬಂದುಬಿಟ್ಟಿದೆ, ವಾಪಸು ಕಳಿಸಲು ಮುನ್ನೂರು ಪೌಂಡು ಈಗಲೇ ಹಾಕಿ ಅಂದ. ಎಡಗಾಲು ಹೇಗಿದೆ ಅಂದೆ. "ಕಾಲಿನ ಹಾಗಿದೆ" ಅಂದ. ಪ್ರತಿಯೊಬ್ಬನ ನಂಬರನ್ನೂ ಕಳ್ಳ ಒಂದು, ಕಳ್ಳ ಎರಡು ಅಂತ ಹೆಸರು ಕೊಟ್ಟು ಉಳಿಸಿ, ಕರೆ ಬರದ ಹಾಗೆ ತಡೆದೆ.

ಮುಚ್ಚುಮರೆ ಏಕೆ, ನನಗೆ ಮಜಾ ಬರುತ್ತಿತ್ತು. ಸಂಜೆ ಕೋರಲ್ ಬಂದು, ಕೋಟು ಕೂಡ ಬಿಚ್ಚದೆ "ಯಾರಾದ್ರೂ?" ಅಂತ ಕೇಳುವಳು. ನಾನು ಕಳ್ಳರ ಕತೆಗಳನ್ನು ದನಿ ಬದಲಿಸಿ ಬದಲಿಸಿ ಹೇಳುವೆ. ಅವಳು ನಗುವಳು, ನಕ್ಕ ಮೇಲೆ ಅಳುವಳು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಫೋನ್ ಬಂತು. ಗಂಡಸಿನ ದನಿ, ಹೊರದೇಶದವನ ತೊದಲು ಇಂಗ್ಲಿಷು. ಹಿಂದೆ ಏನೋ ಯಂತ್ರದ ಗದ್ದಲ.

"ಮೇಡಂ, ಬೆಕ್ಕು. ನಾನು ಗಿಂತಾಸ್. ಬೆಕ್ಕು ನನ್ನ ಹತ್ರ."

"ಹೌದಾ? ಫೋಟೋ ಕಳಿಸಪ್ಪ."

"ಫೋಟೋ ಇಲ್ಲ. ನನ್ನ ಫೋನು ಹಳೇದು, ಬಟನ್ನಿಂದು. ಮೇಡಂ, ಬೆಕ್ಕು ಹುಷಾರಿಲ್ಲ. ಬೇಗ ಬರ್ಬೇಕು. ಡಾಕ್ಟರಿಗೆ ದುಡ್ಡು ಬೇಕು. ನೀವು ಕೊಡ್ತೀರಾ?"

ಫೋಟೋ ಇಲ್ಲ, ಅವಸರ, ದುಡ್ಡು. ಮೂರೂ ಸೇರಿದರೆ ನನ್ನ ಲೆಕ್ಕದಲ್ಲಿ ಕಳ್ಳ. ಆದರೂ ಪದ್ಧತಿ ಪದ್ಧತಿಯೇ ಅಂತ ಕೇಳಿದೆ. "ಹಿಂದಿನ ಎಡಗಾಲು ಹೇಗಿದೆ?"

"ಕಪ್ಪು."

"ಸರಿಯಾಗಿ ನೋಡು."

"ನೋಡ್ದೆ ಮೇಡಂ. ಕಪ್ಪು. ನಾಲ್ಕೂ ಕಾಲು ಕಪ್ಪು. ಅಂಟು ಅಂಟು."

ನನಗೆ ನಗು ಬಂತು. ಜೋರಾಗಿಯೇ ನಕ್ಕೆ. "ಹಾಗಿದ್ರೆ ಬೇಯಿಸ್ಕೊಂಡು ತಿನ್ನು," ಅಂದೆ. "ನಿಮ್ಮ ಕಡೆ ಅದೇ ತಾನೆ ಮಾಡೋದು?"

"ಇಲ್ಲ ಮೇಡಂ, ನಾನು ಹಾಲು ಕೊಟ್ಟೆ" ಅಂದ ಅವನು. ನಾನು ಫೋನ್ ಇಟ್ಟು, ಅವನ ನಂಬರನ್ನೂ ಕಳ್ಳ ಏಳು ಅಂತ ಉಳಿಸಿ ತಡೆದೆ.

ಯಾರಾದರೂ ಬೆಕ್ಕು ಸಿಕ್ಕಿದೆ ಅಂದರೆ ನಾನು ತಪ್ಪದೆ ಹೇಳುವ ಒಂದು ಮಾತಿದೆ: ಹತ್ತಿರದ ಪಶುವೈದ್ಯರ ಬಳಿ ಒಯ್ಯಿರಿ, ಚಿಪ್ ನೋಡಲು ಅವರು ಕಾಸು ಕೇಳುವುದಿಲ್ಲ. ನಿಜವಾದವನು ಒಯ್ಯುತ್ತಾನೆ, ಕಳ್ಳ ನೆಪ ಹೇಳುತ್ತಾನೆ. ಆ ಮಾತು ಹೇಳಲು ಹತ್ತು ಸೆಕೆಂಡು ಸಾಕು. ಅವತ್ತು ಹೇಳಲಿಲ್ಲ. ನಗುತ್ತಿದ್ದೆನಲ್ಲ.

ಅಷ್ಟಕ್ಕೇ ಬಿಡಲಿಲ್ಲ ಕೂಡ. ಕಳೆದುಹೋದ ಪ್ರಾಣಿಗಳನ್ನು ಹುಡುಕುವ ಊರಿನ ಆನ್‌ಲೈನ್ ಗುಂಪಿನಲ್ಲಿ ನಾಲ್ಕು ಸಾವಿರ ಜನ ಇದ್ದಾರೆ. ಅವನ ನಂಬರನ್ನು ಅಲ್ಲಿ ಹಾಕಿ, 'ಇವನು ಮೋಸಗಾರ, ಹುಷಾರು' ಅಂತ ಬರೆದೆ. ಮಧ್ಯಾಹ್ನದೊಳಗೆ ಮುನ್ನೂರು ಜನ ನನ್ನನ್ನು ಹೊಗಳಿದ್ದರು. ಕೆಲವರು ತಾವೇ ಫೋನ್ ಮಾಡಿ ಅವನಿಗೆ ಮಂಗಳಾರತಿ ಎತ್ತಿದ್ದಾಗಿ ಬರೆದಿದ್ದರು. ಸಂಜೆ ಕೋರಲ್‌ಗೂ ಹೇಳಿದೆ, ಆದರೆ ಕಳ್ಳ ಏಳು ಸಿಕ್ಕಿಬಿದ್ದ ಅಂತ ಮಾತ್ರ. ಅವಳು ತುಂಬ ಸುಸ್ತಾಗಿದ್ದಳು. ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಪಶುವೈದ್ಯರ ಕಡೆಯಿಂದ ಕೋರಲ್‌ಳ ಸ್ವಂತ ಫೋನಿಗೆ ಕರೆ ಬಂತು. ಬೋಸನ್ ಅವರಲ್ಲಿದ್ದಾನೆ, ಚಿಪ್ ಹೊಂದುತ್ತದೆ, ಕೂಡಲೇ ಬನ್ನಿ. ಕೋರಲ್ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಬಂದು ನನ್ನ ಕಾರು ಹತ್ತಿದಳು. ದಾರಿಯುದ್ದಕ್ಕೂ, "ಸಿಕ್ಕಿದ ಕಣೇ ಪೆಗ್, ಸಿಕ್ಕಿದ" ಅನ್ನುತ್ತಿದ್ದಳು. ನಾನು, ನೋಡು, ದಾಖಲೆ ಸರಿಮಾಡಿಸಿದ್ದು ಕೆಲಸಕ್ಕೆ ಬಂತು ಅಂದೆ.

ಅಲ್ಲಿಯ ನರ್ಸ್ ಟ್ಯಾಮ್ಸಿನ್ ನಮ್ಮನ್ನು ಒಳಗೆ ಕರೆದೊಯ್ದಳು. ಬೋಸನ್ ಟವೆಲಿನ ಮೇಲೆ ಮಲಗಿದ್ದ. ಹೊಟ್ಟೆಯ ಕೂದಲೆಲ್ಲ ಗಂಟುಗಂಟು. ಬಾಯಿಯ ಸುತ್ತ ಕಪ್ಪು. ಉಸಿರು ಎಳೆಯುವುದಕ್ಕೇ ಕಷ್ಟಪಡುತ್ತಿದ್ದ.

"ಡಾಂಬರು," ಅಂದಳು ಟ್ಯಾಮ್ಸಿನ್. "ಶಾಲೆಯ ಚಾವಣಿಗೆ ಹಾಕ್ತಿದ್ದಾರಲ್ಲ, ಅದ್ರಲ್ಲಿ ಸಿಕ್ಕಿಹಾಕ್ಕೊಂಡಿದೆ. ಮೈ ನೆಕ್ಕಿ ನೆಕ್ಕಿ ಹೊಟ್ಟೆಗೆಲ್ಲ ಹೋಗಿದೆ. ಆ ಚಾವಣಿ ಕೆಲಸದವನೇ ತಂದುಕೊಟ್ಟ. ಮೂರು ದಿನದಿಂದ ಸೂರ್ಯಕಾಂತಿ ಎಣ್ಣೆ ಹಚ್ಚಿ ಹಚ್ಚಿ ಉಜ್ಜಿದ್ದಾನಂತೆ. ಎಣ್ಣೆ ಸರಿಯಾದದ್ದೇ. ಆದ್ರೆ ಹೊಟ್ಟೆಗೆ ಹೋಗಿದ್ದಕ್ಕೆ ಅವನೇನು ಮಾಡ್ತಾನೆ?"

ಅವಳು ಹಿಂಗಾಲುಗಳನ್ನು ತೊಳೆದಿದ್ದಳು. ಎಡಗಾಲಿನಲ್ಲಿ ಮೂರು ಬೆರಳು ಬೆಳ್ಳಗೆ ಕಾಣುತ್ತಿದ್ದವು.

ಡಾಕ್ಟರು ಬಂದು ಇನ್ನು ನರಳಿಸುವುದು ಬೇಡ ಅಂದರು. ಕೋರಲ್ ಸಹಿ ಮಾಡಿದಳು. ಬೋಸನ್‌ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸೂಜಿ ಹೋಗುವ ತನಕ ಅವನ ಕಿವಿಯಲ್ಲಿ ಲೆಸ್‌ನ ಹೆಸರು ಹೇಳುತ್ತಿದ್ದಳು.

"ಬುಧವಾರವೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತೇನೋ," ಅಂದಳು ಟ್ಯಾಮ್ಸಿನ್, ಟವೆಲು ಮುಚ್ಚುತ್ತಾ. "ಪಾಪ, ಅವನಿಗೆ ಇಲ್ಲಿ ಚಿಪ್ ನೋಡೋಕೆ ದುಡ್ಡು ಕೇಳಲ್ಲ ಅಂತಲೇ ಗೊತ್ತಿರಲಿಲ್ಲ. ಬೆಳಿಗ್ಗೆ ಯಾವುದೋ ಅಂಗಡಿಯವಳು ಹೇಳಿದ್ಮೇಲೆ ಓಡಿಬಂದ. ಚೀಟಿಯ ನಂಬರಿಗೆ ಮಾಡಿದ್ನಂತೆ, ಯಾರೋ ಹೆಂಗಸು ನಕ್ಕು ಫೋನ್ ಇಟ್ಟುಬಿಟ್ಟಳಂತೆ."

ಕೋರಲ್ ನನ್ನ ಕಡೆ ನೋಡಲಿಲ್ಲ, ಆಗ ಇನ್ನೂ ನೋಡಲಿಲ್ಲ. "ಅವನ ನಂಬರು ಇದೆಯಾ? ನನ್ನ ಫೋನು ಮನೇಲೇ ಉಳೀತು. ಅವನಿಗೆ ಒಂದು ಮಾತು ಹೇಳ್ಬೇಕು," ಅಂದಳು. ಟ್ಯಾಮ್ಸಿನ್ ಬರೆದುಕೊಂಡಿದ್ದ ಚೀಟಿ ಕೊಟ್ಟಳು. ಕೋರಲ್ ನನ್ನ ಮುಂದೆ ಕೈ ಚಾಚಿದಳು. ಜೇಬಿನಲ್ಲಿದ್ದ ಹಳೆಯ ಫೋನನ್ನು ಕೊಡದೆ ವಿಧಿಯಿರಲಿಲ್ಲ. ಒಂದೊಂದೇ ಅಂಕಿ ಒತ್ತಿದಳು. ಕೊನೆಯ ಅಂಕಿ ಒತ್ತಿದಾಗ ಪರದೆಯ ಮೇಲೆ ಹೆಸರು ಬಂತು: ಕಳ್ಳ ಏಳು.

ಆದರೂ ಅವಳು ಕರೆ ಒತ್ತಿದಳು. ಫೋನು ಬಂದ್ ಆಗಿತ್ತು.

"ಸಿಗಲ್ಲ ಅದು," ಅಂದಳು ಟ್ಯಾಮ್ಸಿನ್. "ಬುಧವಾರದಿಂದ ಯಾರು ಯಾರೋ ಫೋನ್ ಮಾಡಿ ಅಮ್ಮ ಅಕ್ಕ ಅಂತ ಬೈತಿದ್ದಾರಂತೆ. ಯಾಕೆ ಅಂತ ಅವನಿಗೆ ಗೊತ್ತಿಲ್ಲ. ಆಫ್ ಮಾಡಿಟ್ಟಿದ್ದೀನಿ ಅಂದ. ಕೆಲಸವೂ ಇವತ್ತಿಗೆ ಮುಗೀತಂತೆ, ಬೇರೆ ಊರಿಗೆ ಹೋಗ್ತಾನೆ."

ಟ್ಯಾಮ್ಸಿನ್ ಹೊರಗೆ ಹೋದಳು. ಟವೆಲು, ಕೋರಲ್, ನಾನು, ಮೂವರೇ.

"ಕೋರಲ್, ಅವನಿಗೆ ಬೆರಳಿನ ವಿಷಯ ಗೊತ್ತಿರಲಿಲ್ಲ ಕಣೇ," ಅಂದೆ. "ನಾನು ಕೇಳ್ದೆ. ಕಪ್ಪು ಅಂದ. ನೀನೇ ಆಗಿದ್ರೂ..."

"ಅವನು ಏನಂದ?"

"ನಾಲ್ಕೂ ಕಾಲು ಕಪ್ಪು, ಅಂಟು ಅಂಟು ಅಂದ."

"ನೀನು ಏನಂದೆ?"

ಸುಳ್ಳು ಹೇಳಬಹುದಿತ್ತು. ನಾನು ನೆಲ ನೋಡುತ್ತಾ, ಬೇಯಿಸ್ಕೊಂಡು ತಿನ್ನು ಅಂದಿದ್ದ ಆ ಮಾತನ್ನು ಹೇಳಿದೆ.

"ಹಾಗಲ್ಲ," ಅಂದಳು ಕೋರಲ್. ಅವಳ ಒಂದು ಕೈ ಟವೆಲಿನ ಮೇಲೆಯೇ ಇತ್ತು. "ಅವನಿಗೆ ಹೇಳಿದ ಹಾಗೆ ಹೇಳು. ನಗ್ತಾ ಹೇಳು."